ಹೆಸರುಗಳ ಕ್ರಯವಿಕ್ರಯ

ಚಿಕ್ಕಪೇಟೆಯಲ್ಲಿಯೋ ಅವೆನ್ಯೂ ರಸ್ತೆಯಲ್ಲಿಯೋ ನಡೆದುಹೋಗುವಾಗ, ಅಂಗಡಿಗಳೊಳಗೆ ಏನಿದೆಯೆಂಬುದರ ಕಡೆಗೆ ಗಮನ ಕೊಡದೆ, ಅವುಗಳ ನೆತ್ತಿಯ ಮೇಲಿನ ಫಲಕಗಳನ್ನೇ ಒಂದಾದ ಮೇಲೊಂದರಂತೆ ಓದುತ್ತ, ಈ ಹೆಸರು ಬಾಯಿಗೆ ಸುಲಭವಾಗಿದೆ, ಆ ಹೆಸರಿನಲ್ಲಿ ಎರಡು ಅಕ್ಷರ ಹೆಚ್ಚಾಯಿತು, ಇನ್ನೊಂದನ್ನು ದೂರವಾಣಿಯಲ್ಲಿ ಹೇಳಿದರೆ ಕೇಳಿದವನು ತಪ್ಪಾಗಿಯೇ ಬರೆದುಕೊಳ್ಳುವನು ಎಂದು ಮನಸ್ಸಿನಲ್ಲಿಯೇ ತೂಗಿ ನೋಡುವ ಅಭ್ಯಾಸವು ನನಗೆ ಬಹುಕಾಲದಿಂದ ಇದೆ. ಅಂತರ್ಜಾಲದ ವಿಳಾಸಗಳನ್ನು, ಎಂದರೆ ಡೊಮೇನ್ ಹೆಸರುಗಳನ್ನು, ಕೊಂಡು ಇಟ್ಟುಕೊಂಡು ಬೇಕಾದವರಿಗೆ ಮಾರುವ ಹವ್ಯಾಸದಲ್ಲಿ ತೊಡಗಿದವರಿಗೆಲ್ಲ ಈ ಅಭ್ಯಾಸ ತಾನಾಗಿ ಅಂಟಿಕೊಳ್ಳುತ್ತದೆ. ಇದನ್ನು ಕೆಲವರು ಉದ್ಯೋಗವಾಗಿಯೇ ನಡೆಸುತ್ತಾರೆ. ನನಗೆ ಇದು ಸಂಜೆಯ ವಿರಾಮದಲ್ಲಿ ಕೈಗೊಳ್ಳುವ ಪ್ರೀತಿಯ ಕೆಲಸ. ಕೊಂಡದ್ದರಲ್ಲಿ ಬಹುಭಾಗ ಮಾರಾಟವಾಗುವುದಿಲ್ಲವೆಂಬುದನ್ನು ಬಲ್ಲೆ. ಏತಕ್ಕೆ ಆಗುವುದಿಲ್ಲವೆಂಬುದನ್ನು ವಿಚಾರಿಸುವುದರಲ್ಲಿಯೇ ಈ ಕೆಲಸದ ಸ್ವಾರಸ್ಯವೆಲ್ಲ ಅಡಗಿದೆಯೆಂದು ನನ್ನ ನಂಬಿಕೆ.

ಡಾಟ್ ಕಾಮ್ ಎಂಬ ಕೊನೆಯುಳ್ಳ ಹೆಸರುಗಳಲ್ಲಿ ಮೊಟ್ಟಮೊದಲನೆಯದು ನೋಂದಣಿಯಾದದ್ದು 1985ನೆಯ ಇಸವಿಯ ಮಾರ್ಚ್ 15ರಂದು. ಅದು ಸಿಂಬಾಲಿಕ್ಸ್ ಎಂಬ ಅಮೆರಿಕದ ಗಣಕಯಂತ್ರ ಸಂಸ್ಥೆಯ symbolics.com. ಆಗಿನಿಂದ ಹತ್ತು ವರ್ಷಗಳ ಕಾಲ ಹೆಸರಿಗೆ ಕಾಸಿನ ಖರ್ಚೂ ಇರಲಿಲ್ಲ. ಬೇಕಾದವರು ಬರೆದು ಕೇಳಿ ಪಡೆಯುತ್ತಿದ್ದರು. 1995ರ ಸೆಪ್ಟೆಂಬರಿನಲ್ಲಿ ಎರಡು ವರ್ಷಕ್ಕೆ ನೂರು ಡಾಲರೆಂಬ ಶುಲ್ಕ ಬಂದಿತು, ಮುಂದೆ ರಿಜಿಸ್ಟ್ರಾರುಗಳು ಹಲವರಾಗಿ ಸ್ಪರ್ಧೆ ಹುಟ್ಟಿ ಅದು ಇಳಿಯಿತು. ಡಾಟ್ ಕಾಮ್ ಹೆಸರುಗಳ ಮೂಲ ದಫ್ತರವನ್ನು ಕಾಪಾಡುವ ವೆರಿಸೈನ್ ಸಂಸ್ಥೆಯು ರಿಜಿಸ್ಟ್ರಾರುಗಳಿಂದ ತೆಗೆದುಕೊಳ್ಳುವ ಸಗಟು ದರ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 10.26 ಡಾಲರಿಗೆ ಏರಿತು, ಅದರ ಮೇಲೆ ರಿಜಿಸ್ಟ್ರಾರನ ಲಾಭವೂ ತೆರಿಗೆಯೂ ಸೇರಿ ನಮಗೆ ಒಂದು ಹೆಸರು ವರ್ಷಕ್ಕೆ ಹೆಚ್ಚುಕಡಮೆ 1,200 ರೂಪಾಯಿಗೆ ಬೀಳುತ್ತದೆ.

ಈ ಏರ್ಪಾಡಿನಲ್ಲಿ ಒಂದು ವಿಶೇಷವಿದೆ. ಈ ವ್ಯವಹಾರವೆಲ್ಲ ನಿಂತಿರುವುದು ಅದರ ಮೇಲೆಯೇ. ದಫ್ತರದವರಿಗೆ ಎಲ್ಲ ಡಾಟ್ ಕಾಮ್ ಹೆಸರುಗಳೂ ಒಂದೇ. 2019ರಲ್ಲಿ ಮೂರು ಕೋಟಿ ಡಾಲರಿಗೆ ಕೈಬದಲಾದ voice.comಗೂ, ಯಾರೂ ತಿರುಗಿ ನೋಡದ ಇಪ್ಪತ್ತು ಅಕ್ಷರದ ಕಸದ ಹೆಸರಿಗೂ ವಾರ್ಷಿಕ ಶುಲ್ಕದಲ್ಲಿ ವ್ಯತ್ಯಾಸವಿಲ್ಲ. ಬೆಲೆಯ ತಾರತಮ್ಯವೆಲ್ಲ ಹೆಸರನ್ನು ಮೊದಲು ಹಿಡಿದವನ ಪಾಲಿಗೆ ಸೇರುತ್ತದೆ. ಆದುದರಿಂದ ಒಳ್ಳೆಯದನ್ನು ಗುರುತಿಸಬಲ್ಲ ಕಣ್ಣಿಗೆ ಇಲ್ಲಿ ಪ್ರತಿಫಲವಿದೆ. ಅದರೊಡನೆಯೇ, ಗುರುತಿಸಬಲ್ಲೆನೆಂಬ ಭ್ರಮೆಗೆ ಪ್ರತಿ ವರ್ಷವೂ ತಪ್ಪದೆ ಬರುವ ದಂಡವೂ ಇದೆ.

ಹೆಸರನ್ನು ನಿವೇಶನಕ್ಕೆ ಹೋಲಿಸುವುದು ವಾಡಿಕೆ. ಹೋಲಿಕೆ ಒಂದು ಮಟ್ಟದವರೆಗೆ ಸರಿ, ಅದರಾಚೆಗೆ ದಾರಿ ತಪ್ಪಿಸುತ್ತದೆ. ಮೂವತ್ತು ನಲವತ್ತರ ಒಂದು ನಿವೇಶನವನ್ನು ಮಾರಬೇಕೆಂದರೆ, ಆ ಬಡಾವಣೆಯಲ್ಲಿ ಮನೆ ಕಟ್ಟಬೇಕೆಂದಿರುವ ಯಾರಾದರೂ ಅದನ್ನು ಕೊಳ್ಳಬಹುದು. ಪಕ್ಕದ ನಿವೇಶನ ಹೋದ ಬೆಲೆಯೇ ಇದಕ್ಕೂ ಮಾನದಂಡವಾಗುತ್ತದೆ. ಹೆಸರಿಗೆ ಹಾಗೆ ಪಕ್ಕದ ನಿವೇಶನವೆಂಬುದಿಲ್ಲ. ಒಂದು ಹೆಸರು ಬೇಕಾಗುವುದು ಆ ಹೆಸರನ್ನೇ ಇಟ್ಟುಕೊಂಡ, ಅಥವಾ ಇಟ್ಟುಕೊಳ್ಳಬೇಕೆಂದು ನಿಶ್ಚಯಿಸಿಕೊಂಡ, ಕೈಯಲ್ಲಿ ಹಣವೂ ಉಳ್ಳ, ಬೆರಳೆಣಿಕೆಯ ಕೆಲವರಿಗೆ. ಮಿಕ್ಕ ಪ್ರಪಂಚಕ್ಕೆಲ್ಲ ಅದು ನಿಷ್ಪ್ರಯೋಜಕ. ಹೆಸರಿನ ಬೆಲೆಯೆಂದರೆ ಪದದ ಸೌಂದರ್ಯವಲ್ಲ. ಆ ಕೆಲವರು ಎಷ್ಟು ಮಂದಿ, ಅವರಿಗೆ ಅದು ಎಷ್ಟು ಅಗತ್ಯ, ಅದು ಸಿಕ್ಕದಿದ್ದರೆ ಅವರಿಗೆ ಬೇರೆ ಏನು ದೊರೆಯುತ್ತದೆ ಎಂಬ ಮೂರು ಪ್ರಶ್ನೆಗಳ ಉತ್ತರ.

ಒಂದು ಹೆಸರನ್ನು ಎದುರಿಗಿಟ್ಟುಕೊಂಡು ಇದನ್ನು ನೋಡುವುದು ಲೇಸು. copperlamp.com ಎಂಬ ಹೆಸರು ಹರಾಜಿಗೆ ಬಂದಿದೆಯೆಂದು ಕಲ್ಪಿಸಿಕೊಳ್ಳೋಣ. ಕೇವಲ ಪರೀಕ್ಷೆಗಾಗಿ ನಾನು ಜೋಡಿಸಿಕೊಂಡ ಎರಡು ಸಾಮಾನ್ಯ ಪದಗಳವು. ಹರಾಜಿಗೆ ಬರುವ ಬಗೆಯನ್ನು ಮೊದಲು ಹೇಳಬೇಕು. ಹೆಸರಿನ ಒಡೆಯನು ನವೀಕರಣದ ಶುಲ್ಕ ಕಟ್ಟದೆ ಬಿಟ್ಟರೆ ಅದು ಮಾರನೆಯ ದಿನವೇ ಬೀದಿಗೆ ಬೀಳುವುದಿಲ್ಲ. ಕೆಲವು ವಾರಗಳ ಕಾಲ ಅದು ರಿಜಿಸ್ಟ್ರಾರನ ಕೈಯಲ್ಲಿಯೇ ಇರುತ್ತದೆ. ದೊಡ್ಡ ರಿಜಿಸ್ಟ್ರಾರುಗಳು ಆ ಅವಧಿಯಲ್ಲಿ ತಾವೇ ಅದನ್ನು ಹರಾಜಿಗೆ ಹಾಕುತ್ತಾರಾಗಿ, ಒಳ್ಳೆಯ ಹೆಸರುಗಳು ಬಹುಮಟ್ಟಿಗೆ ಅಲ್ಲಿಯೇ ಮಾರಿಹೋಗುತ್ತವೆ. ಅಲ್ಲಿ ಯಾರೂ ಕೂಗದೆ ಉಳಿದದ್ದು ದಫ್ತರದಲ್ಲಿ redemptionPeriod ಎಂಬ ಸ್ಥಿತಿಗೆ ಇಳಿದು ಮೂವತ್ತು ದಿನ ಇರುತ್ತದೆ. ಹಳೆಯ ಒಡೆಯನು ಹೆಚ್ಚಿನ ದಂಡ ತೆತ್ತು ಅದನ್ನು ಇನ್ನೂ ಬಿಡಿಸಿಕೊಳ್ಳಬಹುದು. ಆಮೇಲೆ pendingDelete ಎಂಬ ಐದು ದಿನಗಳು. ಆ ಐದು ದಿನಗಳಲ್ಲಿ ಒಡೆಯನಾಗಲಿ ರಿಜಿಸ್ಟ್ರಾರನಾಗಲಿ ಏನನ್ನೂ ಮಾಡಲಾರರು. ಅದಾದ ಬಳಿಕ, ಅಮೆರಿಕದ ಪೂರ್ವತೀರದಲ್ಲಿ ಸುಮಾರಾಗಿ ಮಧ್ಯಾಹ್ನ ಎರಡು ಗಂಟೆಯಾಗುವಾಗ, ನಮ್ಮಲ್ಲಿ ಊರೆಲ್ಲ ಮಲಗಿ ಗಡಿಯಾರ ಮಧ್ಯರಾತ್ರಿಯ ಆಚೀಚೆಗೆ ಇರುವಾಗ, ಅದು ದಫ್ತರದಿಂದ ಅಳಿಸಿಹೋಗುತ್ತದೆ. ಅಳಿಸಿದ ಕ್ಷಣದಲ್ಲಿಯೇ ಅದನ್ನು ಹಿಡಿಯುವುದಕ್ಕೆಂದು ಕಾದಿರುವ ಸಂಸ್ಥೆಗಳ ಯಂತ್ರಗಳು ಎರಗುತ್ತವೆ. ಆ ಸ್ಪರ್ಧೆ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಮುಗಿಯುವಂಥದು, ಮನುಷ್ಯನ ಬೆರಳಿಗೆ ಅಲ್ಲಿ ಅವಕಾಶವಿಲ್ಲ. ನಾವು ಮಾಡಬಹುದಾದದ್ದೆಂದರೆ ಹಗಲಿನಲ್ಲಿಯೇ ಆ ಸಂಸ್ಥೆಗಳಲ್ಲಿ ನಮ್ಮ ಬೇಡಿಕೆಯನ್ನು ಬರೆಸಿಟ್ಟಿರುವುದು. ಆದರೂ ಆ ವೇಳೆಯಲ್ಲಿ ಎದ್ದು ಕುಳಿತು, ಯಾವುದು ಯಾರ ಪಾಲಾಯಿತೆಂದು ನೋಡದೆ ನನಗೆ ನಿದ್ರೆ ಹತ್ತುವುದಿಲ್ಲ.

ಸರಿ, ಹೆಸರು ಹರಾಜಿನಲ್ಲಿದೆ. ಮೊದಲು ಅದನ್ನು ಗಟ್ಟಿಯಾಗಿ ಉಚ್ಚರಿಸಿ ನೋಡಬೇಕು. ಕೇಳಿದವನು ಕಾಗುಣಿತವನ್ನು ಕೇಳದೆ ಬರೆದುಕೊಳ್ಳುವನೇ? ಈ ಹೆಸರು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಪದಗಳ ಕ್ರಮವೂ ಸಹಜವಾಗಿದೆ, lampcopper.com ಎಂದು ತಿರುಗಿಸಿದರೆ ಅವೇ ಎರಡು ಪದಗಳು, ಅಷ್ಟೇ ಅಕ್ಷರಗಳು, ಬೆಲೆ ಮಾತ್ರ ಶೂನ್ಯ. ಏಕವಚನ ಬಹುವಚನಗಳನ್ನೂ ನೋಡಬೇಕು. ಸರಕು ಮಾರುವವನಿಗೆ ಬಹುವಚನ ಹಿತ, ಸಂಸ್ಥೆಗೆ ಹೆಸರಿಡುವವನಿಗೆ ಏಕವಚನ ಹಿತ. ಇಲ್ಲಿ ತಾಮ್ರದ ದೀಪವನ್ನೇ ಮಾರುವವನು ಕೊಳ್ಳುವುದಕ್ಕಿಂತ, ಈ ಮಾತಿನ ಶೋಭೆಗೆ ಮನಸೋತು ತನ್ನ ಪ್ರಕಾಶನಕ್ಕೋ ಉಪಾಹಾರಗೃಹಕ್ಕೋ ವಿನ್ಯಾಸಶಾಲೆಗೋ ಇಡುವವನು ಕೊಳ್ಳುವ ಸಂಭವವೇ ಹೆಚ್ಚು.

ಎರಡನೆಯದಾಗಿ, ಈ ಹೆಸರನ್ನು ಈಗಾಗಲೇ ಎಷ್ಟು ಮಂದಿ ಬಳಸುತ್ತಿದ್ದಾರೆಂದು ಹುಡುಕಬೇಕು. ಇದೇ ಪದಗಳು .net, .org, .co, .in ಮೊದಲಾದ ಕೊನೆಗಳಲ್ಲಿ ನೋಂದಣಿಯಾಗಿವೆಯೇ, ಆಗಿದ್ದರೆ ಅಲ್ಲಿ ನಿಜವಾದ ವ್ಯಾಪಾರ ನಡೆಯುತ್ತಿದೆಯೇ, ಅಥವಾ ನಮ್ಮಂಥವರೇ ಹಿಡಿದಿಟ್ಟುಕೊಂಡು ಕುಳಿತಿದ್ದಾರೆಯೇ ಎಂದು ಒಂದೊಂದನ್ನೂ ತೆರೆದು ನೋಡಬೇಕು. ಈ ಹೆಸರಿನ ಮುಂದೆ the ಎಂದೋ ಹಿಂದೆ studio ಎಂದೋ ಸೇರಿಸಿಕೊಂಡು ಕಷ್ಟದಲ್ಲಿ ಕಾಲ ನೂಕುತ್ತಿರುವ ಸಂಸ್ಥೆಗಳಿದ್ದರೆ ಅದು ಬಹಳ ಒಳ್ಳೆಯ ಲಕ್ಷಣ. ಏತಕ್ಕೆಂದರೆ ಅವರು ಬೆಳೆದಾಗ ಆ ಬಾಲವನ್ನು ಕತ್ತರಿಸಿಕೊಳ್ಳಲು ಬಯಸುವರು. ಫೇಸ್‌ಬುಕ್ ಸಂಸ್ಥೆಯು ಆರಂಭದಲ್ಲಿ thefacebook.com ಆಗಿದ್ದು, 2005ರಲ್ಲಿ ಎರಡು ಲಕ್ಷ ಡಾಲರು ಕೊಟ್ಟು facebook.com ಎಂಬುದನ್ನು ಪಡೆಯಿತು. ಟೆಸ್ಲಾ ಕಾರುಗಳ ಸಂಸ್ಥೆಯು 2016ರವರೆಗೆ teslamotors.com ಎಂಬ ಉದ್ದನೆಯ ವಿಳಾಸದಲ್ಲಿಯೇ ಇದ್ದಿತು. ಆದರೆ ಈ ಉದಾಹರಣೆಗಳ ಇನ್ನೊಂದು ಮುಖವನ್ನೂ ನೋಡಬೇಕು. ಅಷ್ಟು ಕಾಲ ಅವರಿಗೆ ಬೇರೆ ವಿಳಾಸದಿಂದಲೇ ಕೆಲಸ ನಡೆಯುತ್ತಿತ್ತಲ್ಲ! ಹೆಸರು ಹಿಡಿದವನು ಆ ವರ್ಷಗಳನ್ನೆಲ್ಲ ಕಾದಿರಬೇಕಾಯಿತು. ಬೆಳೆಯದೆ ಮುಚ್ಚಿಹೋದ ಅಸಂಖ್ಯಾತ ಸಂಸ್ಥೆಗಳ ಹೆಸರು ಹಿಡಿದವರು ಇನ್ನೂ ಕಾಯುತ್ತಲೇ ಇರಬೇಕು.

ಮೂರನೆಯದಾಗಿ, ಹೆಸರಿನ ಪೂರ್ವಚರಿತ್ರೆ. archive.org ಎಂಬಲ್ಲಿ ಹಳೆಯ ಪುಟಗಳ ಪ್ರತಿಗಳು ಸಂಗ್ರಹವಾಗಿರುತ್ತವೆ. ವರ್ಷವರ್ಷವಾಗಿ ಅವನ್ನು ತೆರೆದು ನೋಡಿದರೆ, ಮೊದಲು ಒಬ್ಬ ದೀಪದ ವ್ಯಾಪಾರಿಯ ಸಾಧುವಾದ ಪುಟವಿದ್ದು, ಆಮೇಲೆ ಕೆಲವು ವರ್ಷ ಬರಿದಾಗಿದ್ದು, ಇದ್ದಕ್ಕಿದ್ದಂತೆ ವಿದೇಶದ ಜೂಜಿನ ಪುಟವೊಂದು ಅಲ್ಲಿ ತಲೆಯೆತ್ತಿರುವುದು ಕಂಡುಬಂದೀತು. ಅಂಥದ್ದನ್ನು ನಾನು ಕೈಬಿಡುತ್ತೇನೆ. ಆ ವಿಳಾಸದಿಂದ ಹೋದ ಮಿಂಚಂಚೆಯನ್ನು ಕಸದ ಬುಟ್ಟಿಗೆ ತಳ್ಳುವ ಪಟ್ಟಿಗಳಲ್ಲಿ ಅದರ ಹೆಸರು ಸೇರಿರಬಹುದು; ಕೊಂಡವನಿಗೆ ಆ ಕಳಂಕವನ್ನು ತೊಳೆಯುವುದು ಕಷ್ಟ. ಆಮೇಲೆ ಟ್ರೇಡ್‌ಮಾರ್ಕಿನ ದಾಖಲೆಗಳನ್ನು ಶೋಧಿಸಬೇಕು. ಅದರ ಮಾತು ಮುಂದೆ ಬರುತ್ತದೆ. ಇದೇ ಬಗೆಯ ಎರಡು ಪದಗಳ ಹೆಸರುಗಳು ಹಿಂದೆ ಎಷ್ಟಕ್ಕೆ ಹೋಗಿವೆಯೆಂದು ನೇಮ್‌ಬಯೋ ಎಂಬ ದಾಖಲೆಯಲ್ಲಿ ನೋಡುವುದುಂಟು. ಆದರೆ ಅಲ್ಲಿ ಕಾಣಸಿಗುವುದೆಲ್ಲ ಮಾರಾಟವಾದ ಹೆಸರುಗಳೇ; ಅವುಗಳಂತೆಯೇ ಇದ್ದು ಮಾರಾಟವಾಗದ ಹೆಸರುಗಳ ದಾಖಲೆಯನ್ನು ಯಾರೂ ಇಟ್ಟಿಲ್ಲ. ಈ ಒಂದು ಸಂಗತಿಯನ್ನು ಮರೆತವನಿಗೆ ಲೋಕದ ಹೆಸರುಗಳೆಲ್ಲವೂ ಚಿನ್ನವಾಗಿ ತೋರುತ್ತವೆ.

ಇಷ್ಟಾದ ಮೇಲೆ ಲೆಕ್ಕ. copperlamp.com ಬೇಕಾದ ಸಂಸ್ಥೆಯೊಂದು ಬಂದರೆ ಎರಡೂವರೆ ಲಕ್ಷ ರೂಪಾಯಿ ಕೊಟ್ಟೀತೆಂದು ಅಂದಾಜು ಮಾಡಿದೆನೆನ್ನಿ. ಮಾರಾಟದ ಮಳಿಗೆಯವರು ಶೇಕಡಾ 20 ದಲ್ಲಾಳಿ ಹಿಡಿದರೆ ಕೈಗೆ ಬರುವುದು ಎರಡು ಲಕ್ಷ. ಸಾಧಾರಣವಾಗಿ ಒಳ್ಳೆಯದೆನ್ನಬಹುದಾದ ನೂರು ಹೆಸರುಗಳಲ್ಲಿ ಒಂದು ವರ್ಷಕ್ಕೆ ಒಂದು, ಬಹಳವೆಂದರೆ ಎರಡು ಮಾರಾಟವಾಗುವುದೆಂದು ಇದರಲ್ಲಿ ಪಳಗಿದವರು ಲೆಕ್ಕ ಹಿಡಿಯುತ್ತಾರೆ. ನೂರಕ್ಕೆ ಒಂದೆಂದು ಹಿಡಿದರೆ, ಈ ಹೆಸರಿನ ಪಾಲಿಗೆ ವರ್ಷಕ್ಕೆ ನಿರೀಕ್ಷಿಸಬಹುದಾದ ಉತ್ಪತ್ತಿ 2,000 ರೂಪಾಯಿ. ನವೀಕರಣಕ್ಕೆ 1,200 ಹೋದರೆ ಉಳಿಯುವುದು 800. ಹತ್ತು ವರ್ಷ ಕಾಯುವೆನೆಂದು ಸಂಕಲ್ಪ ಮಾಡಿದರೂ, ಬಡ್ಡಿಯ ಮಾತನ್ನೇ ಎತ್ತದಿದ್ದರೂ, ಹರಾಜಿನಲ್ಲಿ 8,000 ರೂಪಾಯಿ ಮೀರಿ ಕೂಗುವಂತಿಲ್ಲ. ಇನ್ನು ಅದೇ ಸಂಭವವನ್ನು ನೂರಕ್ಕೆ ಎರಡೆಂದು ತಿದ್ದಿಕೊಳ್ಳಿ: ಉತ್ಪತ್ತಿ 4,000, ಉಳಿತಾಯ 2,800, ಹತ್ತು ವರ್ಷಕ್ಕೆ 28,000. ಒಂದು ಎಂಬುದು ಎರಡಾದ ಮಾತ್ರಕ್ಕೆ ಮಿತಿ ಎಂಟು ಸಾವಿರದಿಂದ ಇಪ್ಪತ್ತೆಂಟು ಸಾವಿರಕ್ಕೆ ಏರಿತು! ಆ ಒಂದೋ ಎರಡೋ ಎಂಬುದನ್ನು ಒಂಟಿ ಹೆಸರಿನ ವಿಷಯದಲ್ಲಿ ಅಳೆಯುವ ಸಾಧನ ಯಾವುದೂ ಇಲ್ಲ. ಹರಾಜಿನ ಬಿಸಿಯಲ್ಲಿ, ಎದುರಾಳಿ ಇನ್ನೊಂದು ಸಾವಿರ ಏರಿಸಿದಾಗ, ಮನಸ್ಸು ಬಲುಸುಲಭವಾಗಿ ಒಂದನ್ನು ಎರಡೆಂದು ತಿದ್ದಿಕೊಳ್ಳುತ್ತದೆ. ಆದಕಾರಣ ನನ್ನ ಮಿತಿಯನ್ನು ಹರಾಜು ತೊಡಗುವುದಕ್ಕೆ ಮುಂಚೆಯೇ ಕಾಗದದ ಮೇಲೆ ಬರೆದಿಡುವುದು ನನ್ನ ಪದ್ಧತಿ.

ಬಹುಪಾಲು ಹೆಸರುಗಳು ಏಕೆ ಮಾರಾಟವಾಗುವುದಿಲ್ಲವೆಂಬುದಕ್ಕೆ ಸಮಾಧಾನವೂ ಈ ಲೆಕ್ಕದಲ್ಲಿಯೇ ಇದೆ. ನೂರಕ್ಕೆ ಒಂದು ಎಂಬ ದರದಲ್ಲಿ ನೂರು ಹೆಸರುಗಳನ್ನು ಹತ್ತು ವರ್ಷ ಇಟ್ಟುಕೊಂಡರೆ ಹತ್ತರಷ್ಟು ಮಾರಾಟವಾಗಿ ತೊಂಬತ್ತು ಉಳಿಯುತ್ತವೆ. ಆ ಹತ್ತರಿಂದ ಇಪ್ಪತ್ತು ಲಕ್ಷದಷ್ಟು ಬಂದು, ನವೀಕರಣಕ್ಕೆ ಹನ್ನೆರಡು ಲಕ್ಷಕ್ಕೆ ತುಸು ಕಡಮೆ ಹೋಗಿ, ಕೊಂಡ ಖರ್ಚು ಮಿತವಾಗಿದ್ದ ಪಕ್ಷದಲ್ಲಿ, ವ್ಯವಹಾರ ಲಾಭದಲ್ಲಿಯೇ ಮುಗಿಯುತ್ತದೆ. ತೊಂಬತ್ತು ಉಳಿದುವೆಂದು ಕೊಂಡವನ ತಿಳಿವಳಿಕೆಯನ್ನು ಹಳಿಯುವುದು ನ್ಯಾಯವಲ್ಲ. ಹತ್ತರ ಫಲ ಕೈಸೇರಬೇಕಾದರೆ ತೊಂಬತ್ತರ ಭಾರವನ್ನು ಹೊರಲೇಬೇಕು, ಯಾವ ಹತ್ತು ಎಂಬುದು ಮುಂದಾಗಿ ಗೋಚರಿಸುವಂಥದಲ್ಲ. ಹೊಸಬರನ್ನು ಎದೆಗುಂದಿಸುವ ಇನ್ನೊಂದು ಸಂಗತಿಯೂ ಇದರಿಂದಲೇ ಹುಟ್ಟುತ್ತದೆ: ಇದೇ ದರದಲ್ಲಿ ನೂರು ಹೆಸರುಳ್ಳವನಿಗೆ ಹೆಚ್ಚುಕಡಮೆ ಮೂರು ವರ್ಷಕ್ಕೊಮ್ಮೆ, ಒಂದೇ ಒಂದು ಮಾರಾಟವೂ ಇಲ್ಲದ ವರ್ಷ ಬಂದೇ ಬರುತ್ತದೆ. ಹೆಸರುಗಳು ಕೆಟ್ಟವೆಂಬುದಕ್ಕೆ ಅದು ಸಾಕ್ಷಿಯಲ್ಲ. ಹತ್ತೋ ಇಪ್ಪತ್ತೋ ಹೆಸರು ಇಟ್ಟುಕೊಂಡವನು ಹಲವು ವರ್ಷ ಬರಿಗೈಯಲ್ಲಿ ಕುಳಿತು, ತನ್ನ ಆಯ್ಕೆ ಒಳ್ಳೆಯದೋ ಕೆಟ್ಟದೋ ಎಂಬುದೇ ತಿಳಿಯದೆ ಕೈಚೆಲ್ಲುವುದುಂಟು.

ಬೆಲೆ ಇಳಿಸಿದರೆ ಬೇಗ ಹೋಗುವುದಲ್ಲವೇ ಎಂದು ಕೇಳುವವರಿದ್ದಾರೆ. ಸ್ವಲ್ಪಮಟ್ಟಿಗೆ ಹೋಗುತ್ತದೆ. ಆದರೆ ಎರಡೂವರೆ ಲಕ್ಷದ ಹೆಸರನ್ನು ಇಪ್ಪತ್ತೈದು ಸಾವಿರಕ್ಕೆ ಇಳಿಸಿದ ಮಾತ್ರಕ್ಕೆ, ಆ ಹೆಸರು ಬೇಕಾದವರ ಸಂಖ್ಯೆ ಹತ್ತು ಪಟ್ಟಾಗುವುದಿಲ್ಲ. ದಲ್ಲಾಳಿ ಕಳೆದು ಬರುವ ಇಪ್ಪತ್ತು ಸಾವಿರದಲ್ಲಿ ವರ್ಷದ 1,200 ರೂಪಾಯಿ ಹುಟ್ಟಬೇಕಾದರೆ ನೂರರಲ್ಲಿ ಆರು ಹೆಸರುಗಳು ಪ್ರತಿ ವರ್ಷವೂ ಮಾರಾಟವಾಗಬೇಕು. ಅದು ಪಳಗಿದವರಿಗೂ ದುರ್ಲಭವಾದ ಸಿದ್ಧಿ. ಆದ್ದರಿಂದ ಇಪ್ಪತ್ತೈದು ಸಾವಿರಕ್ಕಿಂತ ಹೆಚ್ಚು ಬಾಳಲಾರದ ಹೆಸರನ್ನು ಅಗ್ಗವಾಗಿ ಸಿಕ್ಕಿತೆಂದು ಕೊಳ್ಳಬಾರದು. ನಮ್ಮನಮ್ಮಲ್ಲಿಯೇ, ಎಂದರೆ ವರ್ತಕರು ವರ್ತಕರಿಗೆ, ಮಾರಿಕೊಳ್ಳುವ ಇನ್ನೊಂದು ಸಂತೆಯಿದೆ. ಅಲ್ಲಿ ಹೆಸರಿಗೆ ಸಿಕ್ಕುವುದು ಬಳಸುವವನು ಕೊಡುವ ಬೆಲೆಯ ಸಣ್ಣ ತುಣುಕು ಮಾತ್ರ.

ಹಾಗಾದರೆ ಯಾವ ದರದಲ್ಲಿಯೂ ಮಾರಾಟವಾಗದ, ಮೊದಲಿನಿಂದಲೂ ಸತ್ತಿರುವ ಹೆಸರುಗಳು ಯಾವುವು? ಯಾರೂ ಹಿಡಿಯದೆ ಬಿಟ್ಟದ್ದನ್ನು ಹೊಸದಾಗಿ ನೋಂದಣಿ ಮಾಡಿಸಿಕೊಂಡವುಗಳಲ್ಲಿ ಹೆಚ್ಚಿನವು ಆ ಜಾತಿಗೆ ಸೇರಿದವು. ಇಷ್ಟು ದಶಕಗಳ ಕಾಲ ಸಾವಿರಾರು ಕಣ್ಣುಗಳು ಶಬ್ದಕೋಶಗಳನ್ನು ಜಾಲಾಡಿದ ಬಳಿಕವೂ ಒಂದು ಹೆಸರು ಮೂಲ ಶುಲ್ಕಕ್ಕೆ ಸಿಕ್ಕುತ್ತಿದೆಯೆಂದರೆ, ಅದು ಬೇಡವೆಂದು ಅವರೆಲ್ಲ ತೀರ್ಪು ಕೊಟ್ಟಿದ್ದಾರೆಂದು ತಿಳಿಯಬೇಕು. ಹೊಸ ವಿಷಯ ಹುಟ್ಟಿದಾಗ ಮಾತ್ರ ಇದಕ್ಕೆ ಅಪವಾದ. ಆದರೆ ಅಲ್ಲಿಯೂ ಒಂದು ಅಪಾಯ ಉಂಟು. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಸಂಸ್ಥೆಯು ಮೆಟಾ ಎಂಬ ಹೆಸರು ಧರಿಸಿದೊಡನೆ, meta ಎಂಬುದಕ್ಕೆ ಕಂಡ ಕಂಡ ಪದವನ್ನು ಜೋಡಿಸಿ ನೋಂದಣಿ ಮಾಡಿಸಲು ಜನ ಮುಗಿಬಿದ್ದರು. ಆ ಗದ್ದಲದಲ್ಲಿ ಹೆಸರು ಕೊಂಡವರೆಲ್ಲ ಮಾರುವವರೇ ಆಗಿದ್ದು, ಬಳಸುವವರು ಹುಟ್ಟುವುದಕ್ಕೆ ಮೊದಲೇ ನವೀಕರಣದ ದಿನ ಬಂದಿತು. ಒಂದು ಮಾತು ಬಾಳುವುದೋ ಇಲ್ಲವೋ ಎಂದು ತಿಳಿಯಬೇಕಾದರೆ, ಅದನ್ನು ಹೆಸರಿನ ವರ್ತಕರು ಬಳಸುತ್ತಿದ್ದಾರೆಯೇ ಎಂದು ನೋಡದೆ, ಆ ಹೆಸರಿನ ಫಲಕ ಹಾಕಿ ಸಂಬಳಕ್ಕೆ ಜನರನ್ನಿಟ್ಟುಕೊಂಡು ವ್ಯಾಪಾರ ನಡೆಸುವವರು ಎಷ್ಟು ಮಂದಿಯೆಂದು ನೋಡಬೇಕು.

ನಮ್ಮ ಕಡೆಯ ಹೆಸರುಗಳಲ್ಲಿ ನನಗೆ ಮೊದಲಿನಿಂದಲೂ ಮಮತೆ. ಆದರೆ ಕನ್ನಡದ ಪದವನ್ನು ರೋಮನ್ ಲಿಪಿಯಲ್ಲಿ ಬರೆದಾಗ ದೀರ್ಘಸ್ವರಕ್ಕೆ ಒಬ್ಬರು ಒಂದು a ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. ಕೇಳಿ ಬರೆದುಕೊಳ್ಳುವ ಪರೀಕ್ಷೆಯಲ್ಲಿ ಸುಂದರವಾದ ಪದಗಳು ಸೋಲುವುದು ಅಲ್ಲಿಯೇ. 2014ರ ನವೆಂಬರ್ 1ರಂದು ಸರ್ಕಾರವು ಬೆಂಗಳೂರು, ಮೈಸೂರು, ಮಂಗಳೂರು ಮೊದಲಾದ ಊರುಗಳ ಇಂಗ್ಲಿಷ್ ಕಾಗುಣಿತವನ್ನು ಬದಲಿಸಿದಾಗ ಊರಿನ ಹೆಸರು ಸೇರಿದ ವಿಳಾಸಗಳು ಎರಡೆರಡಾದುವು. bengaluru ಎಂಬುದು ಕಚೇರಿಯ ಕಾಗದಗಳಲ್ಲಿ ನೆಲೆನಿಂತಿತು, bangalore ಎಂಬುದು ಜನರ ಬೆರಳಿನ ಅಭ್ಯಾಸದಲ್ಲಿ ಉಳಿಯಿತು. ಊರು, ಅದರೊಡನೆ ಕಸುಬು ಎಂಬ ಮಾದರಿಯ ಹೆಸರಿಗೆ ಮೊದಲೇ ಕೆಲವೇ ಮಂದಿಯಿದ್ದ ಕೊಳ್ಳುವವರು ಹೀಗೆ ಇಬ್ಭಾಗವಾದರು.

ಅಂಥ ಒಂದು ಹೆಸರಿಗಾಗಿ, ತುಮಕೂರಿನ ಕಡೆಯ ಮರಗೆಲಸದ ಕಾರ್ಖಾನೆಯ ಯಜಮಾನರೊಬ್ಬರು ಒಂದು ಸಂಜೆ ಫೋನು ಮಾಡಿದರು. ಹೆಸರು ಹಿಡಿದವರು ಯಾರೆಂದು ಹುಡುಕಿ, ಮಾರಾಟದ ಪುಟದಿಂದ ನನ್ನ ಸಂಖ್ಯೆ ಪಡೆದಿದ್ದರು.

“ಸಾರ್, ಆ ಹೆಸರಲ್ಲಿ ನೀವೇನೂ ನಡೆಸ್ತಿಲ್ಲ ಅಲ್ವಾ? ಪುಟ ತೆಗೆದ್ರೆ ಮಾರಾಟಕ್ಕಿದೆ ಅಂತ ಬರುತ್ತೆ.”

“ಹೌದು ಸ್ವಾಮಿ, ಮಾರುವುದಕ್ಕೆಂದೇ ಇಟ್ಟಿದ್ದೇನೆ.”

“ವರ್ಷಕ್ಕೆ ಸಾವಿರ ರೂಪಾಯಿ ಕಟ್ಟೋ ವಸ್ತುವಿಗೆ ಒಂದೂವರೆ ಲಕ್ಷ ಅಂದ್ರೆ ಹೆಂಗೆ ಸಾರ್? ಆ ದುಡ್ಡಿಗೆ ನನಗೆ ಒಂದು ರಂದದ ಮಿಷನ್ನೇ ಬರುತ್ತಲ್ಲ.”

ಅವರ ಮಾತಿನಲ್ಲಿ ಕಟುತ್ವವಿರಲಿಲ್ಲ. ವ್ಯಾಪಾರಸ್ಥನ ನೇರವಾದ ಪ್ರಶ್ನೆ ಅದು. ಅವರ ಗಿರಾಕಿಗಳೆಲ್ಲ ಎಲ್ಲಿಯವರೆಂದು ಕೇಳಿದೆ. ಎಲ್ಲರೂ ಈ ರಾಜ್ಯದವರೇ, ಹೆಚ್ಚಿನವರು ಹಳೆಯ ಗುರುತಿನವರು ಎಂದರು. ಹಾಗಿದ್ದರೆ ಇದೇ ಹೆಸರನ್ನು ಡಾಟ್ ಇನ್‌ನಲ್ಲಿ ನೋಡಿ, ಅದು ಖಾಲಿ ಇದ್ದಂತೆ ಕಾಣುತ್ತದೆ, ನಿಮ್ಮ ಕೆಲಸಕ್ಕೆ ಅದು ಸಾಕು ಎಂದು ನಾನೇ ಹೇಳಿದೆ. ಅವರು ಹಾಗೆಯೇ ಮಾಡಿದರು. ಅವರಿಗೆ ಆ ಡಾಟ್ ಕಾಮ್ ಹೆಸರಿನಿಂದ ಒದಗುತ್ತಿದ್ದ ಹೆಚ್ಚಿನ ಅನುಕೂಲ ಒಂದೂವರೆ ಲಕ್ಷದ್ದಾಗಿರಲಿಲ್ಲ; ಹೊರದೇಶಕ್ಕೆ ಪೀಠೋಪಕರಣ ಕಳುಹಿಸುವವನಿಗೆ ಆಗಿರಬಹುದು. ಕೊಳ್ಳುವವನ ಕೈಯಲ್ಲಿ ಇನ್ನೊಂದು ದಾರಿ ಯಾವುದಿದೆ, ಆ ದಾರಿಯಲ್ಲಿ ನಡೆದರೆ ಅವನಿಗಾಗುವ ತೊಂದರೆ ಎಷ್ಟು ಎಂಬುದಕ್ಕಿಂತ ಹೆಚ್ಚಿನ ಬೆಲೆಯನ್ನು ಯಾವ ಹೆಸರೂ ಪಡೆಯಲಾರದು.

ಇನ್ನು ಟ್ರೇಡ್‌ಮಾರ್ಕಿನ ಮಾತು. ಇನ್ನೊಬ್ಬರು ದುಡಿದು ಪ್ರಸಿದ್ಧಿಗೆ ತಂದ ಹೆಸರನ್ನು ಅಥವಾ ಅದರ ಛಾಯೆಯನ್ನು ನೋಂದಣಿ ಮಾಡಿಸಿ, ಅವರಿಗೇ ಮಾರಲು ಹೋಗುವುದು ವ್ಯಾಪಾರವಲ್ಲ, ಸುಲಿಗೆ. ಇಂಥ ವ್ಯಾಜ್ಯಗಳಿಗಾಗಿ 1999ರಲ್ಲಿ ಅಂತರರಾಷ್ಟ್ರೀಯವಾದ ಒಂದು ನಿಯಮಾವಳಿ ಏರ್ಪಟ್ಟಿತು. ಹೆಸರು ತನ್ನ ಮುದ್ರೆಯನ್ನು ಹೋಲುತ್ತದೆ, ಹಿಡಿದವನಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ದುರುದ್ದೇಶದಿಂದ ಅದನ್ನು ನೋಂದಣಿ ಮಾಡಿಸಿ ಬಳಸಿದ್ದಾನೆ ಎಂಬ ಮೂರನ್ನೂ ದೂರುದಾರನು ಸಾಬೀತುಪಡಿಸಿದರೆ ಹೆಸರು ಅವನಿಗೆ ವರ್ಗವಾಗುತ್ತದೆ. ನಮ್ಮ ದೇಶದಲ್ಲಿ ಈ ಧರ್ಮವನ್ನು ಸ್ಥಿರಪಡಿಸಿದ ಮೊಕದ್ದಮೆಯು ಬೆಂಗಳೂರಿನಲ್ಲಿಯೇ ಹುಟ್ಟಿದ್ದು. ಸಿಫಿ ಎಂಬ ಹೆಸರಿನಲ್ಲಿ ವ್ಯವಹರಿಸುತ್ತಿದ್ದ ಸತ್ಯಂ ಇನ್ಫೋವೇ ಸಂಸ್ಥೆಯು, siffynet.com ಮುಂತಾದ ಹೆಸರುಗಳನ್ನು ಬಳಸುತ್ತಿದ್ದ ಇನ್ನೊಂದು ಸಂಸ್ಥೆಯ ಮೇಲೆ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಅಲ್ಲಿ ತಡೆಯಾಜ್ಞೆ ದೊರಕಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆಯನ್ನು ಮರಳಿ ಸ್ಥಾಪಿಸಿ, ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಟ್ರೇಡ್‌ಮಾರ್ಕಿಗೆ ಇರುವಂಥ ರಕ್ಷಣೆ ಅದಕ್ಕೂ ಸಲ್ಲುತ್ತದೆ ಎಂದು ವಿಧಿಸಿತು. ಸಾಮಾನ್ಯ ಪದಗಳ ಹೆಸರಿನಲ್ಲಿಯೂ ಇದನ್ನು ನೆನಪಿನಲ್ಲಿಡಬೇಕು. ತಾಮ್ರ, ದೀಪ ಎಂಬುವು ಯಾರ ಸೊತ್ತೂ ಅಲ್ಲ. ಆದರೆ ಅದೇ ಹೆಸರಿನ ಸಂಸ್ಥೆಯೊಂದು ಖ್ಯಾತಿ ಪಡೆದ ಮೇಲೆ ಆ ಹೆಸರನ್ನು ಕೊಂಡು, ಅದರ ಸರಕಿನ ಜಾಹೀರಾತುಗಳನ್ನೇ ಪುಟದಲ್ಲಿ ತೋರಿಸುತ್ತಿದ್ದರೆ ದುರುದ್ದೇಶದ ಆರೋಪ ತಾನಾಗಿ ಬರುತ್ತದೆ. ನನ್ನ ಪುಟಗಳಲ್ಲಿ ಜಾಹೀರಾತು ಇರುವುದಿಲ್ಲ.

ಒಂದು ಮಾರಾಟ ಕೂಡಿಬಂದಾಗ ಅದು ಮುಗಿಯುವ ಕ್ರಮ ನನಗೆ ಬಹು ಪ್ರಿಯವಾದದ್ದು. ಕೊಳ್ಳುವವನು ಹಣವನ್ನು ಎಸ್ಕ್ರೋ ಎಂಬ ಮಧ್ಯಸ್ಥರಲ್ಲಿ ಇಡುತ್ತಾನೆ. ಹಣ ಬಂದಿದೆಯೆಂದು ಅವರು ಹೇಳುವವರೆಗೆ ನಾನು ಹೆಸರಿನ ಬೀಗ ತೆಗೆಯುವುದಿಲ್ಲ. ಆಮೇಲೆ ವರ್ಗಾವಣೆಯ ಗುಪ್ತಸಂಕೇತವನ್ನು ರಿಜಿಸ್ಟ್ರಾರನಿಂದ ಪಡೆದು ಅವನಿಗೆ ಕಳುಹಿಸುತ್ತೇನೆ. ಇಬ್ಬರೂ ಒಂದೇ ರಿಜಿಸ್ಟ್ರಾರನಲ್ಲಿದ್ದರೆ ಕೆಲವು ನಿಮಿಷಗಳ ಕೆಲಸ. ಬೇರೆ ಬೇರೆಯಾಗಿದ್ದರೆ ಐದು ದಿನ ಹಿಡಿಯಬಹುದು. ಹೊಸದಾಗಿ ನೋಂದಣಿ ಮಾಡಿಸಿಯೋ ವರ್ಗಾಯಿಸಿಯೋ ಅರವತ್ತು ದಿನ ಆಗಿಲ್ಲದಿದ್ದರೆ ಬೇರೆ ರಿಜಿಸ್ಟ್ರಾರನಿಗೆ ಕಳುಹಿಸುವಂತಿಲ್ಲ. ಇದನ್ನು ಕೊಳ್ಳುವವನಿಗೆ ಮಾತಿನ ಮೊದಲಲ್ಲಿಯೇ ಹೇಳಿಬಿಡುತ್ತೇನೆ. ಹೆಸರು ಅವನ ಖಾತೆಗೆ ಸೇರಿತೆಂದು ಖಚಿತವಾದ ಮೇಲೆ ಮಧ್ಯಸ್ಥರು ಹಣ ಬಿಡುತ್ತಾರೆ.

ಉಳಿದವುಗಳ ಪರೀಕ್ಷೆ ನವೀಕರಣದ ದಿನ ನಡೆಯುತ್ತದೆ. ಆ ದಿನ ಒಂದು ಹೆಸರನ್ನು ನೋಡುವಾಗ, ಇದಕ್ಕಾಗಿ ಇದುವರೆಗೆ ಎಷ್ಟು ಖರ್ಚಾಯಿತೆಂಬುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೋದ ಹಣವು ಮುಂದಿನ ಕೊಳ್ಳುವವನನ್ನು ಕರೆತರಲಾರದು. ಇಂದು ಇದು ನನ್ನದಾಗಿರದೆ ಸಂತೆಯಲ್ಲಿ 1,200 ರೂಪಾಯಿಗೆ ಸಿಕ್ಕಿದ್ದರೆ ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಳ್ಳುತ್ತೇನೆ. ಕಳೆದ ವರ್ಷದಲ್ಲಿ ಇದೇ ಹೆಸರಿನ ಹೊಸ ಸಂಸ್ಥೆಗಳು ಹುಟ್ಟಿವೆಯೇ, ಇತರ ಕೊನೆಗಳಲ್ಲಿ ಹೊಸ ನೋಂದಣಿಗಳಾಗಿವೆಯೇ, ಬೆಲೆ ಕುದುರದಿದ್ದರೂ ಯಾರಾದರೂ ಬಂದು ವಿಚಾರಿಸಿದ್ದಾರೆಯೇ ಎಂದು ನೋಡುತ್ತೇನೆ. ವಿಚಾರಣೆಯೊಂದು ಬಂದಿದ್ದರೆ ಆ ಹೆಸರಿಗೆ ಇನ್ನು ಕೆಲವು ವರ್ಷ ಕಾಯುವ ಅರ್ಹತೆಯುಂಟೆಂದು ಎಣಿಸುತ್ತೇನೆ. ಕೊಳ್ಳುವವರು ಅಷ್ಟು ವಿರಳವಾದ ಈ ಸಂತೆಯಲ್ಲಿ ಒಬ್ಬನು ತಾನಾಗಿ ಬಂದು ಬಾಗಿಲು ತಟ್ಟಿದನೆಂಬುದಕ್ಕಿಂತ ಬಲವಾದ ಸಾಕ್ಷ್ಯ ಬೇರಿಲ್ಲ. ತುಮಕೂರಿನವರು ಕೇಳಿದ ಆ ಹೆಸರನ್ನು ಈ ಕಾರಣದಿಂದಲೇ ಮತ್ತೆ ನವೀಕರಿಸಿದ್ದೇನೆ, ಬೆಲೆಯನ್ನೂ ಒಂದೂವರೆ ಲಕ್ಷದಲ್ಲಿಯೇ ಇಟ್ಟಿದ್ದೇನೆ. ಅದರ ಜೊತೆಯಲ್ಲಿಯೇ ಕೊಂಡಿದ್ದ, ಕಿವಿಗೆ ಅದಕ್ಕಿಂತ ಇಂಪಾದ ಇನ್ನೆರಡು ಹೆಸರುಗಳಿಗೆ ಇಷ್ಟು ಕಾಲದಲ್ಲಿ ಒಂದು ವಿಚಾರಣೆಯೂ ಬರಲಿಲ್ಲ, ಅವುಗಳನ್ನು ಧರಿಸಿದ ಸಂಸ್ಥೆಯೂ ಎಲ್ಲಿಯೂ ಕಾಣಲಿಲ್ಲ. ಅವುಗಳ ಶುಲ್ಕವನ್ನು ಈ ಬಾರಿ ಕಟ್ಟಿಲ್ಲ.